ಫೋನಿನಲ್ಲಿ ತಬಲಾ ಅಭ್ಯಾಸದ ಮುದ್ರಣ: ಮೊನೊ ಸಾಕೇ, ಸ್ಟೀರಿಯೊ ಬೇಕೇ?

ತುಮಕೂರಿನಲ್ಲಿ ತಬಲಾ ಕಲಿಯುತ್ತಿರುವ ಸ್ನೇಹಿತರೊಬ್ಬರು, ಫೋನಿನಲ್ಲಿ ಮುದ್ರಿಸಿದರೆ ಡಗ್ಗಾದ ಪೆಟ್ಟು ಒಡೆದು ಕೇಳಿಸುತ್ತದೆ, ಎಲ್ಲ ಧ್ವನಿಯನ್ನೂ ಒಂದೇ ವಾಹಿನಿಯಲ್ಲಿ ಹಿಡಿಯುವ ಮೊನೊ ಮೇಲೋ, ಎಡಬಲವನ್ನು ಬೇರೆಬೇರೆಯಾಗಿ ಹಿಡಿಯುವ ಸ್ಟೀರಿಯೊ ಮೇಲೋ ಎಂದು ಕೇಳಿದ್ದಾರೆ. ಧ್ವನಿ ಒಡೆಯುವುದಕ್ಕೂ ಈ ಆಯ್ಕೆಗೂ ಸಂಬಂಧವಿಲ್ಲ; ಮಿತಿ ಮೀರಿದ ಪೆಟ್ಟು ಮುದ್ರಣವಾಗುವಾಗಲೇ ಕೆಡುತ್ತದೆ, ಆಮೇಲೆ ವಾಲ್ಯೂಮ್ ತಗ್ಗಿಸಿದರೂ ಸರಿಹೋಗದು. ಅವರು ಫೋನನ್ನು ಡಗ್ಗಾದ ಪಕ್ಕದಲ್ಲೇ, ಅದೇ ಜಮಖಾನದ ಮೇಲೆ ಇಡುತ್ತಿದ್ದರು. ನಾಲ್ಕು ಅಡಿ ದೂರದ ಕುರ್ಚಿಯ ಮೇಲೆ ಟವೆಲ್ ಮಡಿಸಿ ಹಾಸಿ, ಫೋನಿನ ಕೆಳತುದಿಯ ಮೈಕನ್ನು ತಬಲಾದತ್ತ ತಿರುಗಿಸಿಟ್ಟಾಗ ‘ಧಾ’ ದುಂಡಗೆ ಕೇಳಿಸಿತು.

ಇನ್ನು ಆಯ್ಕೆಯ ಮಾತು. ಬೋಲಿನ ಸ್ಪಷ್ಟತೆಯನ್ನೋ ಲಯವನ್ನೋ ತಿದ್ದಿಕೊಳ್ಳಲು ಒಬ್ಬರೇ ಮುದ್ರಿಸುವುದಾದರೆ ಮೊನೊ ಸಾಕು. ಕುಗ್ಗಿಸದ ಕಡತವಾದರೆ ನಿಮಿಷಕ್ಕೆ ಸುಮಾರು 5 ಎಂಬಿ ಹಿಡಿಯುತ್ತದೆ, ಸ್ಟೀರಿಯೊಗೆ ಅದರ ಎರಡರಷ್ಟು ಬೇಕು. ಗಾಯನ, ಹಾರ್ಮೋನಿಯಂ, ತಬಲಾ ಮೂರೂ ಸೇರುವಲ್ಲಿ ಯಾವುದು ಎಲ್ಲಿಂದ ಬಂತೆಂದು ಬಿಡಿಸಿ ಕೇಳಲು ಸ್ಟೀರಿಯೊ ನೆರವಾಗುತ್ತದೆ, ಆದರೆ ಫೋನನ್ನು ಅಡ್ಡಲಾಗಿ, ಅದರ ಎರಡು ತುದಿಗಳು ಎಡಬಲಕ್ಕೆ ಬರುವಂತೆ ಗಾಯಕರ ಎದುರು ಇಡಬೇಕು. ನೆಟ್ಟಗೆ ನಿಲ್ಲಿಸಿದರೆ ಎಡಬಲದ ಲಾಭ ಬಹುಪಾಲು ಹೋಗುತ್ತದೆ. ದೂರವಿಟ್ಟಷ್ಟೂ ಕೋಣೆಯ ಪ್ರತಿಧ್ವನಿ ಹೆಚ್ಚುವುದರಿಂದ, ಬರಿಗೋಡೆಯ ಕೋಣೆಯಲ್ಲಿ ಗಾಯನ ಮಾತ್ರವಿದ್ದರೆ ಎರಡಡಿ ದೂರದ ಮೊನೊವೇ ವಾಸಿ.