ಒಂದೇ ಪುಟಕ್ಕೆ 87, 9, ‘ಮಿಶ್ರ’: ಎಐ ಡಿಟೆಕ್ಟರ್ ಅಂಕಿ ನೋಡಿ ಗಾಬರಿಯಾಗಬೇಡಿ

ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಾದವರು ಮನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ನನ್ನ ತಂಗಿ ಎಂ.ಎ. ಪ್ರಾಜೆಕ್ಟಿನ ಒಂದು ಅಧ್ಯಾಯವನ್ನು ತಾನೇ ಕೂತು ಇಂಗ್ಲಿಷಿನಲ್ಲಿ ಬರೆದಳು. ಬರಹ ಎಐನದೋ ಮನುಷ್ಯರದೋ ಎಂದು ಊಹಿಸುವ ಡಿಟೆಕ್ಟರ್‌ಗೆ ಗೈಡ್ ಅದನ್ನು ಹಾಕಿದರು, 87% ಎಐ ಅಂತ ಬಂತು. ಅವಳು ಬೇರೆ ಎರಡರಲ್ಲಿ ಹಾಕಿ ನೋಡಿದಳು. ಒಂದು 9% ಅಂದಿತು, ಇನ್ನೊಂದು ‘ಮಿಶ್ರ’ ಅಂದಿತು. ಬರಹ ಮಾತ್ರ ಅದೇ.

ಈ ಅಂಕಿಗಳು ಒಂದೇ ವಸ್ತುವಿನ ಅಳತೆಯಲ್ಲ. ಒಂದು ಡಿಟೆಕ್ಟರ್‌ನಲ್ಲಿ 87 ಅಂದರೆ ಇಡೀ ಬರಹ ಎಐನದಾಗಿರುವ ಸಂಭವನೀಯತೆ. ಮತ್ತೊಂದರಲ್ಲಿ 9 ಅಂದರೆ ಅನುಮಾನದ ಗುರುತು ಬಿದ್ದ ವಾಕ್ಯಗಳ ಪಾಲು. ಹಾಗಾಗಿ ಇವನ್ನು ಕೂಡಿಸಿ ಸರಾಸರಿ ತೆಗೆಯುವುದಕ್ಕೆ ಅರ್ಥವೇ ಇಲ್ಲ.

ಅಳೆಯುವ ಬಗೆಯೂ ಬೇರೆ. ಕೆಲವು ಡಿಟೆಕ್ಟರ್‌ಗಳು ತಮ್ಮದೇ ಭಾಷಾ ಮಾದರಿಯನ್ನಿಟ್ಟುಕೊಂಡು, ಮುಂದಿನ ಪದ ಎಷ್ಟು ಸುಲಭವಾಗಿ ಊಹೆಗೆ ಸಿಗುತ್ತದೆ ಎಂದು ನೋಡುತ್ತವೆ. ಸುಲಭವಾಗಿ ಸಿಕ್ಕರೆ ಎಐ ಎನ್ನುತ್ತವೆ. ಇನ್ನು ಕೆಲವು, ಮನುಷ್ಯರು ಮತ್ತು ಎಐ ಬರೆದ ಬರಹಗಳಿಂದ ಕಲಿತಿರುತ್ತವೆ. ಯಾವ ಬರಹಗಳು ಎನ್ನುವುದರ ಮೇಲೆ ತೀರ್ಪು ಬದಲಾಗುತ್ತದೆ. ತಂಗಿಯ ಅಧ್ಯಾಯ ಸಂಶೋಧನಾ ವಿಧಾನದ್ದು. ‘ಪ್ರಶ್ನಾವಳಿಯ ಮೂಲಕ ಮಾಹಿತಿ ಸಂಗ್ರಹಿಸಲಾಯಿತು’ ಎಂಬಂಥ ವಾಕ್ಯಗಳನ್ನು ಎಲ್ಲರೂ ಹಾಗೇ ಬರೆಯುತ್ತಾರೆ, ಊಹಿಸುವುದು ಸುಲಭ.

ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ ಏಟು ಜಾಸ್ತಿ. 2023ರಲ್ಲಿ ಸ್ಟ್ಯಾನ್‌ಫೋರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. 89 ಪ್ರಬಂಧಗಳನ್ನು ಕನಿಷ್ಠ ಒಂದಾದರೂ ಎಐ ಎಂದಿತು. ಏಳೂ ಒಟ್ಟಿಗೆ ಎಐ ಎಂದದ್ದು 18ಕ್ಕೆ. ಆ 18ನ್ನೂ ಬರೆದವರು ಮನುಷ್ಯರೇ! ಅಂದರೆ ಡಿಟೆಕ್ಟರ್‌ಗಳು ಒಪ್ಪಿಕೊಂಡರೂ ಅದು ಏಳು ಬೇರೆ ಬೇರೆ ಸಾಕ್ಷಿಯಲ್ಲ, ಒಂದೇ ಕುರುಹನ್ನು ಹಲವರು ನೋಡಿದಂತೆ. ಭಿನ್ನವಾದಾಗಲಂತೂ ಆ ಬರಹದ ಬಗ್ಗೆ ಅವುಗಳಿಂದ ಏನೂ ತಿಳಿಯದು ಎಂದೇ ಓದಬೇಕು. 87 ಅಪರಾಧದ ಸಾಕ್ಷಿಯಲ್ಲ, 9 ನಿರಪರಾಧದ್ದೂ ಅಲ್ಲ. ಕಡಿಮೆ ಬಂದ ವರದಿಯನ್ನೇ ಹಿಡಿದುಕೊಂಡು ಹೋದರೆ, ಹೆಚ್ಚು ಬಂದದ್ದನ್ನೂ ನಂಬಬೇಕಾಗುತ್ತದೆ.

ನಮಗೆ ನಿಜವಾಗಿ ನಷ್ಟವಾದದ್ದು ಇದರ ನಂತರ. 87 ತೋರಿಸಿದ ಸೈಟಿನಲ್ಲೇ ‘ಮನುಷ್ಯರ ಬರಹದಂತೆ ಮಾಡಿಕೊಡುತ್ತೇವೆ’ ಎಂಬ ಬಟನ್ ಇತ್ತು. ಹೆದರಿದ ಹುಡುಗಿ ದುಡ್ಡು ಕಟ್ಟಿದಳು. ಅದು ‘ಮಾದರಿ ಗಾತ್ರ’ದಂಥ ಪಾರಿಭಾಷಿಕ ಪದಗಳನ್ನೇ ಬದಲಿಸಿ ಅರ್ಥ ಕೆಡಿಸಿತು. ಅಂಕಿ ಇಳಿಯಿತು, ಆದರೆ ಅವಳ ಸ್ವಂತ ಬರಹವೇ ಉಳಿಯಲಿಲ್ಲ. ಹೆಚ್ಚು ಅಂಕಿ ತೋರಿಸಿದಷ್ಟೂ ಲಾಭವಾಗುವ ಸೈಟಿನ ಅಂಕಿಯನ್ನು ಯಾಕೆ ನಂಬಬೇಕು? ಆ ಬಟನ್ ಒತ್ತಬೇಡಿ.

ಕೆಲಸಕ್ಕೆ ಬಂದದ್ದು ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿ. ಪ್ಯಾರಾ ಪ್ಯಾರಾ ಬೆಳೆದದ್ದು, ಅಳಿಸಿ ತಿದ್ದಿದ್ದು ಎಲ್ಲ ದಿನಾಂಕದೊಂದಿಗೆ ಅಲ್ಲಿತ್ತು. ಅದನ್ನೂ ಭರ್ತಿಯಾದ ಪ್ರಶ್ನಾವಳಿಗಳನ್ನೂ ಗೈಡ್ ಮುಂದಿಟ್ಟು, ‘ಸರ್, ಇದರ ಬಗ್ಗೆ ಏನು ಬೇಕಾದರೂ ಕೇಳಿ’ ಅಂದಳು. ಅವರು ಅರ್ಧ ಗಂಟೆ ಪ್ರಶ್ನೆ ಕೇಳಿ, ಮೊದಲಿನ ಪ್ರತಿಯನ್ನೇ ತೆಗೆದುಕೊಂಡರು.