ಬಿ.ಎಚ್. ರಸ್ತೆಯ ಡಿಟಿಪಿ ಅಂಗಡಿ: ಕನ್ನಡ ಚೀಟಿ ಕೊಟ್ಟರೆ ಕೊರಿಯರ್ ಕಂಪನಿಗೆ ಗಟ್ಟಿಯಾದ ಇಂಗ್ಲಿಷ್ ಪತ್ರ

ತುಮಕೂರಿನ ಬಿ.ಎಚ್. ರಸ್ತೆಯ ಹಿಂದಿನ ಓಣಿಯಲ್ಲಿರುವ ಈ ಡಿಟಿಪಿ ಅಂಗಡಿಗೆ ನಾನು 2019ರಿಂದ ಹೋಗುತ್ತಿದ್ದೇನೆ. ಜೆರಾಕ್ಸ್, ಆನ್‌ಲೈನ್ ಅರ್ಜಿ, ಲಗ್ನಪತ್ರಿಕೆ ಎಲ್ಲ ಮಾಡುತ್ತಾರೆ. ಅವೆಲ್ಲ ಬೇರೆ ಕಡೆಯೂ ಸಿಗುತ್ತವೆ. ನಾನು ಇಲ್ಲಿ ಬರೆಯುತ್ತಿರುವುದು ಅವರ ಇನ್ನೊಂದು ಕೆಲಸದ ಬಗ್ಗೆ. ನಾವು ಕನ್ನಡದಲ್ಲಿ ಗೀಚಿಕೊಂಡು ಹೋದ ಚೀಟಿ ನೋಡಿ ಅಂಗಡಿಯ ಅಕ್ಕ ಇಂಗ್ಲಿಷ್ ಪತ್ರ ಬರೆದುಕೊಡುತ್ತಾರೆ. ಬ್ಯಾಂಕಿಗೆ, ವಿಮೆ ಕಂಪನಿಗೆ ನಾನು ಬರೆಸಿದ್ದೇನೆ. ಆದರೆ ಕಳೆದುಹೋದ ಪಾರ್ಸೆಲ್ ಬಗ್ಗೆ ಕೊರಿಯರ್ ಕಂಪನಿಗೆ ಬರೆಸಿದ ಪತ್ರದಲ್ಲಿ ಈ ಅಂಗಡಿಯ ಬೆಲೆ ನನಗೆ ನಿಜವಾಗಿ ಗೊತ್ತಾಯಿತು.

ನಾನು ಮನೆಯಲ್ಲೇ ಸೀರೆಗೆ ಕುಚ್ಚು ಹಾಕಿಕೊಡುತ್ತೇನೆ. ಪುಣೆಯ ಗ್ರಾಹಕರೊಬ್ಬರ ಎರಡು ರೇಷ್ಮೆ ಸೀರೆಗಳ ಕೆಲಸ ಮುಗಿಸಿ ಆಗಸ್ಟ್ 12ರಂದು ಕೊರಿಯರ್ ಮಾಡಿದೆ. ಅವರು ಹಬ್ಬಕ್ಕೆ ಉಡಬೇಕಿದ್ದ ಸೀರೆಗಳು. ಮಾರನೇ ದಿನ ಬೆಂಗಳೂರು ಹಬ್‌ಗೆ ಬಂದಿದೆ ಅಂತ ತೋರಿಸಿತು. ಅಲ್ಲಿಂದ ಮುಂದಕ್ಕೆ ಏನೂ ಇಲ್ಲ. ಸ್ಥಳೀಯ ಶಾಖೆಯವರು 'ನಾಳೆ ಅಪ್‌ಡೇಟ್ ಆಗುತ್ತೆ' ಅನ್ನುತ್ತಲೇ ಇದ್ದರು. ಕೊನೆಗೆ 'ಹೆಡ್ ಆಫೀಸಿಗೆ ಮೇಲ್ ಹಾಕಿ, ನಮ್ಮ ಕೈಯಲ್ಲಿ ಇಲ್ಲ' ಅಂದರು. ಹೆಡ್ ಆಫೀಸ್ ಬೇರೆ ರಾಜ್ಯದಲ್ಲಿ. ಅಲ್ಲಿ ಕನ್ನಡ ಓದುವವರು ಯಾರು?

ನಾನು ತೆಗೆದುಕೊಂಡು ಹೋದ ಚೀಟಿ ಹೀಗಿತ್ತು: "ಸೀರೆ 2. ಪುಣೆ. 12ಕ್ಕೆ ಹಾಕಿದ್ದು. 4 ದಿನದಲ್ಲಿ ಹೋಗುತ್ತೆ ಅಂದ್ರು. ಬೆಂಗಳೂರಲ್ಲೇ ನಿಂತಿದೆ. ಫೋನ್ ಮಾಡಿದ್ರೆ ನಾಳೆ ನಾಳೆ. ಯಾರೋ ಎತ್ಕೊಂಡಿದಾರೆ. ಹಬ್ಬ ಹಾಳಾಯ್ತು. ನನ್ನ ಹೆಸರು ಕೆಟ್ಟೋಯ್ತು. 1 ಲಕ್ಷ ಕೊಡಬೇಕು. ಇಲ್ದಿದ್ರೆ ಕೇಸ್."

ಇದನ್ನು ಹಾಗೇ ಇಂಗ್ಲಿಷಿಗೆ ಇಳಿಸಿಕೊಡುವ ಅಂಗಡಿಗಳು ಊರಲ್ಲಿ ಬೇಕಾದಷ್ಟಿವೆ. ಈ ಅಕ್ಕ ಕೀಬೋರ್ಡ್ ಮುಟ್ಟುವ ಮೊದಲು ರಸೀದಿ ಕೇಳಿದರು. ಆಮೇಲೆ ನನ್ನ ಫೋನಿನಲ್ಲೇ ಟ್ರ್ಯಾಕಿಂಗ್ ಪುಟ ತೆಗೆಸಿದರು. "ಬಂದಿರೋ ಸ್ಕ್ಯಾನ್ ಇದೆ, ಹೊರಟಿರೋ ಸ್ಕ್ಯಾನ್ ಇಲ್ಲ, ನೋಡಮ್ಮ" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ. ಅವರು ಬಿಡಿಸಿ ಹೇಳಿದರು. ಹಬ್‌ನಲ್ಲಿ ಒಂದೇ ಕಡೆಗೆ ಹೋಗುವ ಸಣ್ಣ ಪಾರ್ಸೆಲ್‌ಗಳನ್ನು ದೊಡ್ಡ ಚೀಲಕ್ಕೆ ತುಂಬುತ್ತಾರೆ. ಚೀಲಕ್ಕೆ ಸೀಲ್ ಹಾಕಿ, ಅದರೊಳಗೆ ಏನೇನಿದೆ ಅಂತ ಒಂದು ಪಟ್ಟಿ ಮಾಡುತ್ತಾರೆ. ಅದಕ್ಕೆ ಮ್ಯಾನಿಫೆಸ್ಟ್ ಅನ್ನುತ್ತಾರೆ. ನಮ್ಮ ಪಾರ್ಸೆಲ್ ಆ ಪಟ್ಟಿಗೆ ಸೇರಿದ್ದರೆ ಸಾಮಾನ್ಯವಾಗಿ ಹೊರಟ ಸ್ಕ್ಯಾನ್ ಕಾಣಬೇಕು. ಕಾಣುತ್ತಿಲ್ಲ ಅಂದರೆ ಅದು ಬಹುಶಃ ಬೆಂಗಳೂರು ಬಿಟ್ಟೇ ಇಲ್ಲ. ಪಾರ್ಸೆಲ್ ಮೇಲೆ ಅಂಟಿಸಿದ ವಿಳಾಸದ ಚೀಟಿ ಹರಿದುಹೋದರೆ ಅದು ಯಾರದು ಅಂತ ಗೊತ್ತಾಗದೆ ಹಬ್‌ನ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ಹಾಗಾಗಿ ಪಾರ್ಸೆಲ್ ಎಲ್ಲಿ ಅಂತ ಸುಮ್ನೆ ಕೇಳಿದರೆ ಪ್ರಯೋಜನ ಇಲ್ಲ. ಇಂಥ ಹಬ್‌ನಲ್ಲಿ, ಇಂಥ ದಿನದ ನಂತರ ಏನಾಯಿತು ಅಂತಲೇ ಕೇಳಬೇಕು.

ಆಮೇಲೆ ಪ್ಯಾಕಿಂಗ್ ಬಗ್ಗೆ ಕೇಳಿದರು. ಯಾವ ಬಣ್ಣದ ಕವರ್? ಒಳಗೆ ಏನು? ತೂಕ ಎಷ್ಟು? ನಾನು ಸೀಲ್ ಮಾಡುವ ಮುಂಚೆ ಗ್ರಾಹಕರಿಗೆ ಫೋಟೋ ಕಳಿಸುತ್ತೇನೆ, ಅದು ಫೋನಿನಲ್ಲಿತ್ತು. ಹಳದಿ ಬಟ್ಟೆ ಚೀಲ, ಒಳಗೆ ಒಂದು ಹಸಿರು, ಒಂದು ಮೆರೂನ್ ಸೀರೆ, ಹೊರಗೆ ಬಿಳಿ ಪ್ಲಾಸ್ಟಿಕ್ ಕವರ್. ರಸೀದಿಯಲ್ಲಿ ತೂಕ 1.4 ಕೆ.ಜಿ. ಇದಷ್ಟನ್ನೂ ಪತ್ರದಲ್ಲಿ ಒಂದು ಪ್ಯಾರಾ ಮಾಡಿದರು.

"ಎತ್ಕೊಂಡಿದಾರೆ" ಅನ್ನುವುದನ್ನು ತೆಗೆದುಹಾಕಿದರು. ನನಗೆ ಸಿಟ್ಟು ಬಂತು. ನನ್ನ ಗ್ರಾಹಕರ ಸೀರೆ ಹೋಗಿದೆ, ಇನ್ನೇನು ಅನ್ನಬೇಕು? ಅವರು ತಾಳ್ಮೆಯಿಂದ ಹೇಳಿದರು: ಕಳ್ಳತನ ಅಂತ ಬರೆದರೆ ಅದನ್ನು ತೋರಿಸುವ ಹೊಣೆ ನಮ್ಮ ತಲೆಗೆ ಬರುತ್ತೆ. ಅವರೂ ಆ ಒಂದು ಮಾತು ಹಿಡಿದುಕೊಂಡು ವಾದ ಮಾಡ್ತಾರೆ, ಪಾರ್ಸೆಲ್ ಹುಡುಕೋದು ಹಿಂದೆ ಬೀಳುತ್ತೆ. 'ನಿಮ್ಮದೇ ದಾಖಲೆ ಪ್ರಕಾರ ಆಗಸ್ಟ್ 13ರಿಂದ ಪಾರ್ಸೆಲ್ ನಿಮ್ಮ ಬೆಂಗಳೂರು ಹಬ್‌ನ ವಶದಲ್ಲಿದೆ' ಅಂತ ಬರೆದರೆ ಅವರು ಅದನ್ನು ಅಲ್ಲ ಅನ್ನೋಕೆ ಆಗಲ್ಲ.

ದುಡ್ಡಿನ ವಿಷಯದಲ್ಲೂ ಹಾಗೆಯೇ ಆಯಿತು. ಚೀಟಿಯಲ್ಲಿ ನಾನು ಒಂದು ಲಕ್ಷ ಅಂತ ಬರೆದಿದ್ದೆ. ಅಕ್ಕ ಬಿಲ್‌ಗಳನ್ನು ಕೇಳಿದರು. ಗ್ರಾಹಕರ ಹತ್ತಿರ ಸೀರೆ ಬಿಲ್ ಇತ್ತು, ವಾಟ್ಸಾಪ್‌ನಲ್ಲಿ ತರಿಸಿದೆ. ಒಂದು ₹11,500, ಇನ್ನೊಂದು ₹6,900, ಒಟ್ಟು ₹18,400. ಬುಕಿಂಗ್ ರಸೀದಿಯ ಮೌಲ್ಯದ ಕಾಲಂನಲ್ಲಿ ಇದೇ ಮೊತ್ತ ಇತ್ತು. ಇದು ದೊಡ್ಡ ಆಧಾರ ಅಂದರು. ನನ್ನ ಕುಚ್ಚಿನ ಕೂಲಿ ₹2,200, ಕೊರಿಯರ್ ಚಾರ್ಜ್ ₹260. ಎಲ್ಲ ಸೇರಿ ₹20,860. ಅಷ್ಟನ್ನೇ ಸಾಲು ಸಾಲಾಗಿ ಬರೆದರು. ಹಬ್ಬ ಹಾಳಾದದ್ದು, ಹೆಸರು ಕೆಟ್ಟದ್ದು ಇವುಗಳಿಗೆ ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡಿದ್ದೇವೆ ಅಂತ ಒಂದು ವಾಕ್ಯ ಮಾತ್ರ ಸೇರಿಸಿದರು. ಅದನ್ನು ಕೇಳುವ ಜಾಗ ಗ್ರಾಹಕರ ಆಯೋಗ, ಈ ಪತ್ರ ಅಲ್ಲ ಅಂತ ವಿವರಿಸಿದರು. ದಾಖಲೆ ಇರುವ ಮೊತ್ತ ಕೇಳಿದಾಗ ಪತ್ರ ಮೆತ್ತಗಾಗಲಿಲ್ಲ, ಇನ್ನೂ ಗಟ್ಟಿಯಾಯಿತು. ಓದಿ ನೋಡಿದಾಗ ನನಗೇ ಹಾಗನ್ನಿಸಿತು.

ರಸೀದಿಯ ಹಿಂಬದಿ ಸಣ್ಣ ಅಕ್ಷರದಲ್ಲಿ ಕಂಪನಿಯ ಹೊಣೆ ₹100 ಮಾತ್ರ ಅಂತ ಇತ್ತು. ಶಾಖೆಯವರು ಅದನ್ನೇ ಬೆರಳಿಟ್ಟು ತೋರಿಸುತ್ತಿದ್ದರು. ಅಕ್ಕ ಮೊದಲು ಕೇಳಿದ್ದು, "ಇದಕ್ಕೆ ನೀವು ಸೈನ್ ಮಾಡಿದೀರಾ?" ನಾನು ಮಾಡಿರಲಿಲ್ಲ. ಅದು ಮೆಷಿನ್‌ನಿಂದ ಬಂದ ರಸೀದಿ, ಸಹಿಯ ಜಾಗವೇ ಇಲ್ಲ. ಸಹಿ ಮಾಡಿ ಒಪ್ಪಿಕೊಂಡ ಮಿತಿ ಗ್ರಾಹಕರನ್ನು ಕಟ್ಟಿಹಾಕುತ್ತದೆ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಒಂದು ಕೊರಿಯರ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಸಹಿ ಇದೆಯೋ ಇಲ್ಲವೋ ಅನ್ನುವುದು ಮುಖ್ಯ. ಪತ್ರದಲ್ಲಿ ಇದನ್ನು ಎಳೆಯಲಿಲ್ಲ. ಆ ಷರತ್ತನ್ನು ನನಗೆ ತೋರಿಸಿಲ್ಲ, ನಾನು ಸಹಿ ಮಾಡಿಲ್ಲ, ಮೌಲ್ಯವನ್ನು ನಿಮ್ಮ ಕೌಂಟರ್‌ನಲ್ಲೇ ನಮೂದಿಸಲಾಗಿದೆ, ಅಷ್ಟೇ.

ಕೊನೆಯ ಭಾಗದಲ್ಲಿ ಬೇಕಾದ್ದನ್ನು ನೇರವಾಗಿ ಕೇಳಿದರು. ಕೊನೆಯ ಸ್ಕ್ಯಾನ್‌ನ ಸಮಯ ಮತ್ತು ಜಾಗ ಕೊಡಿ. ಪುಣೆಗೆ ಹೊರಟ ಚೀಲದ ಪಟ್ಟಿಯಲ್ಲಿ ನಮ್ಮ ನಂಬರ್ ಇದೆಯೋ ಇಲ್ಲವೋ ಬರವಣಿಗೆಯಲ್ಲಿ ತಿಳಿಸಿ. ಚೀಟಿ ಇಲ್ಲದ ಪಾರ್ಸೆಲ್‌ಗಳ ರಾಶಿಯಲ್ಲಿ ಲಗತ್ತಿಸಿದ ಫೋಟೋ ಹಿಡಿದು ಹುಡುಕಿಸಿ. 15 ದಿನದೊಳಗೆ ಪಾರ್ಸೆಲ್ ತಲುಪಿಸಿ, ಇಲ್ಲವೇ ₹20,860 ಕೊಡಿ. ತಪ್ಪಿದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರರು ವಾಸಿಸುವ ಊರಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಓಡಬೇಕಿಲ್ಲ. ಸರಕು ಅಥವಾ ಸೇವೆಗೆ ಕೊಟ್ಟ ಹಣ ₹5 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಕುಚ್ಚು ನನ್ನ ಹೊಟ್ಟೆಪಾಡಿನ ಸ್ವಂತ ಕೆಲಸ ಅಂತಲೂ ಒಂದು ಸಾಲು ಹಾಕಿದರು. ಇಲ್ಲದಿದ್ದರೆ ಇದು ವ್ಯಾಪಾರ, ನೀವು ಗ್ರಾಹಕರೇ ಅಲ್ಲ ಅಂತ ಅವರು ಅನ್ನಬಹುದಂತೆ.

ಮೇಲ್ ಮಾಡಿದ್ದಲ್ಲದೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಲು ಹೇಳಿದರು. ರಸ್ತೆ ಸಾಗಣೆಯವರ ಮೇಲೆ ದಾವೆ ಹಾಕಬೇಕಾದರೆ ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು ಅಂತ 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿದೆ. ಫೋನಿನಲ್ಲಿ ಜಗಳ ಆಡಿದ್ದು ಅದಕ್ಕೆ ಲೆಕ್ಕಕ್ಕೆ ಬರಲ್ಲ.

ಈ ಅಂಗಡಿಯಲ್ಲಿ ನನಗೆ ಅತಿ ಇಷ್ಟವಾದದ್ದು ಪ್ರಿಂಟ್ ತೆಗೆಯುವ ಮೊದಲು ಇಂಗ್ಲಿಷ್ ಪತ್ರವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುವುದು. ಸಹಿ ನಮ್ಮದು ತಾನೇ, ಏನಿದೆ ಅಂತ ನಮಗೆ ಗೊತ್ತಿರಬೇಡವೇ? ಅಲ್ಲೇ ಒಂದು ತಪ್ಪು ಸಿಕ್ಕಿತು. ಅಕ್ಕ 'ನನ್ನ ಸೀರೆಗಳು' ಅಂತ ಬರೆದುಬಿಟ್ಟಿದ್ದರು. ಸೀರೆ ಗ್ರಾಹಕರದ್ದು, ಬಿಲ್ ಅವರ ಹೆಸರಿನಲ್ಲಿದೆ. ಹಾಗೇ ಹೋಗಿದ್ದರೆ ಬಿಲ್ಲಿಗೂ ಪತ್ರಕ್ಕೂ ತಾಳೆಯಾಗುತ್ತಿರಲಿಲ್ಲ. 'ಕೆಲಸಕ್ಕೆಂದು ನನಗೆ ಒಪ್ಪಿಸಿದ, ನಾನೇ ಕಳುಹಿಸಿದ ಸೀರೆಗಳು' ಅಂತ ಸರಿಮಾಡಿದರು. ಇಲ್ಲಿ ಬರೆಸುವವರು ಈ ಓದು ಕೇಳದೆ ಎದ್ದು ಬರಬೇಡಿ.

ಕೊರತೆಗಳೂ ಇವೆ. ಅರ್ಜಿಗಳ ಸೀಸನ್‌ನಲ್ಲಿ ಹೋದರೆ ಜಾಸ್ತಿ ಕಾಯಬೇಕು. ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿದರೆ ಬರೆದುಕೊಡಲ್ಲ, ಎದುರಿಗೇ ಕೂರಬೇಕು. ಈ ಪತ್ರಕ್ಕೆ ₹250 ತೆಗೆದುಕೊಂಡರು, ಬರಿ ಟೈಪಿಂಗ್‌ಗಿಂತ ದುಬಾರಿ. ಅವರು ವಕೀಲರಲ್ಲ, ಅದನ್ನು ಅವರೇ ಹೇಳುತ್ತಾರೆ. ಕೇಸ್ ಹಂತಕ್ಕೆ ಹೋದರೆ ಇನ್ನೊಬ್ಬರನ್ನು ಹುಡುಕಿಕೊಳ್ಳಬೇಕು.

ಕಂಪನಿಯ ಉತ್ತರ ಗಡುವಿನೊಳಗೇ ಬಂತು. ಬೆಂಗಳೂರು ಹಬ್‌ನಿಂದ ಒಬ್ಬರು ಫೋನ್ ಮಾಡಿ ಹಳದಿ ಚೀಲದ ಫೋಟೋವನ್ನು ಇನ್ನೊಮ್ಮೆ ಕೇಳಿದರು. ಹೊರಗಿನ ಕವರ್ ಹರಿದು, ವಿಳಾಸದ ಚೀಟಿ ಕಿತ್ತುಹೋಗಿ ಪಾರ್ಸೆಲ್ ಅಲ್ಲೇ ಇತ್ತು. ತೂಕ ತಾಳೆಯಾಯಿತು. ಅವರು ಹೊಸ ಚೀಟಿ ಹಚ್ಚಿ ಕಳಿಸಿದರು. ಅಕ್ಕ ಹೇಳಿದಂತೆ ಪುಣೆಯವರು ವಿಡಿಯೋ ಮಾಡಿಕೊಂಡೇ ಬಿಚ್ಚಿದರು. ಸೀರೆ, ಕುಚ್ಚು ಎರಡೂ ಸರಿಯಾಗಿದ್ದವು. ಆಮೇಲೆ ಇನ್ನೊಂದು ಚಿಕ್ಕ ಪತ್ರ ಬರೆಸಿದೆ: ಪಾರ್ಸೆಲ್ ತಲುಪಿದೆ, ಸೀರೆ ಮತ್ತು ಕೂಲಿಯ ಮೊತ್ತ ಕೈಬಿಟ್ಟಿದ್ದೇನೆ, ತಡವಾದ ಸೇವೆಯ ₹260 ವಾಪಸ್ ಕೊಡಿ. ಈ ಪತ್ರಕ್ಕೆ ಅಕ್ಕ ₹50 ಮಾತ್ರ ತೆಗೆದುಕೊಂಡರು. ಆ ₹260 ಖಾತೆಗೆ ಬಂತು.