ಕನ್ನಡ ಸಬ್‌ಟೈಟಲ್‌ಗೆ ಎಕ್ಸೆಲ್ಲಾ, ಸಬ್‌ಟೈಟಲ್ ಎಡಿಟ್ಟಾ?

ನನ್ನ ಓಟು, ವಿಡಿಯೊ ನೋಡುತ್ತಲೇ ಸಬ್‌ಟೈಟಲ್ ಬರೆಯುವ ತಂತ್ರಾಂಶವಾದ ಸಬ್‌ಟೈಟಲ್ ಎಡಿಟ್‌ಗೆ. ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಆರಾಮ. ಆದರೆ ಕಳೆದ ಕೆಲಸದಲ್ಲಿ ಎಕ್ಸೆಲ್ ಬಿಡೋಕೂ ಆಗಲಿಲ್ಲ. ಯಾಕೆ ಅನ್ನೋದೇ ಈ ಬರಹದ ಮುಕ್ಕಾಲು ಭಾಗ.

ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯ ಸುರಕ್ಷತಾ ತರಬೇತಿ ವಿಡಿಯೊ ಅದು. ಧ್ವನಿ ಇಂಗ್ಲಿಷಿನಲ್ಲಿದೆ, ಕೆಳಗೆ ಕನ್ನಡ ಬರಬೇಕು. ನೋಡುವವರು ಹಾಲ್‌ನಲ್ಲಿ ಟಿವಿ ಮುಂದೆ ಕೂರುವ ಹೊಸ ಕಾರ್ಮಿಕರು. ಕೆಲಸ ಕೊಟ್ಟ ಬೆಂಗಳೂರಿನ ಏಜೆನ್ಸಿಯ ನಿಯಮ ಇಷ್ಟೇ: ಒಂದು ಸಲಕ್ಕೆ ಎರಡು ಸಾಲು, ಸಾಲಿಗೆ 42 ಅಕ್ಷರ, ಓದುವ ವೇಗ ಸೆಕೆಂಡಿಗೆ 17 ಅಕ್ಷರ. ಇವು ಇಂಗ್ಲಿಷ್ ಸಬ್‌ಟೈಟಲ್‌ಗೆ ಬಹಳ ದಿನದಿಂದ ಇರುವ ಅಳತೆ. ಅದನ್ನೇ ಎತ್ತಿ ಕನ್ನಡಕ್ಕೂ ಇಟ್ಟಿದ್ದರು.

ಏಜೆನ್ಸಿ ಕಳಿಸಿದ್ದು ಎಕ್ಸೆಲ್ ಹಾಳೆ. ಒಂದು ಕಾಲಂನಲ್ಲಿ ಇಂಗ್ಲಿಷ್ ಸ್ಕ್ರಿಪ್ಟ್, ಪಕ್ಕದಲ್ಲಿ ಕನ್ನಡಕ್ಕೆ ಜಾಗ, ಆಮೇಲೆ ಎಷ್ಟು ಸೆಕೆಂಡ್ ಅಂತ. ಕೊನೆಯ ಕಾಲಂನಲ್ಲಿ ಈ ಸೂತ್ರ:

```
=LEN(C2)/D2
```

C2 ಅಂದರೆ ನಾವು ಬರೆದ ಸಾಲು, D2 ಅಂದರೆ ಸೆಕೆಂಡು. ಉತ್ತರ 17 ದಾಟಿದರೆ ಸಾಲು ಕೆಂಪಾಗುತ್ತದೆ. ನೋಡೋಕೆ ಎಷ್ಟು ಸುಲಭ, ಅಲ್ವಾ? ಕಿರಿಕಿರಿ ಶುರುವಾಗಿದ್ದೇ ಇಲ್ಲಿಂದ.

`LEN` ಕನ್ನಡದಲ್ಲಿ ಎಣಿಸುವುದು ನಾವು ಅಕ್ಷರ ಅನ್ನುವುದನ್ನಲ್ಲ. ಯುನಿಕೋಡ್‌ನಲ್ಲಿ ಗುಣಿತದ ಚಿಹ್ನೆಯೂ ಒಂದು, ಅರ್ಧಾಕ್ಷರದ ವಿರಾಮವೂ ಒಂದು, ಅನುಸ್ವಾರವೂ ಒಂದು. 'ಸುರಕ್ಷತೆ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಎಕ್ಸೆಲ್‌ಗೆ ಅದು 8. ಇನ್ನು ಕೆಲವು ಕಡೆ ಚಿಹ್ನೆಗಳನ್ನು ಅದರದರ ವ್ಯಂಜನಕ್ಕೆ ಸೇರಿಸಿ ಎಣಿಸುತ್ತಾರೆ, ಆದರೆ ಒತ್ತಕ್ಷರವನ್ನು ಬಿಡಿಸಿ ಎರಡು ಅನ್ನುತ್ತಾರೆ. ಹಾಗೆ ಎಣಿಸಿದರೆ 5. ಪದ ಒಂದೇ, ಲೆಕ್ಕ ಮೂರು. ನಿಯಮದಲ್ಲಿ 'ಅಕ್ಷರ' ಅಂತ ಬರೆದವರಿಗೆ ಇದು ಗೊತ್ತೇ ಇರಲಿಲ್ಲ.

ಇದರಿಂದ ಏನಾಗುತ್ತದೆ ಅಂತ ಒಂದು ಸಾಲಿನಲ್ಲಿ ನೋಡೋಣ. ಕನ್ವೇಯರ್ ರಿಪೇರಿಯ ಭಾಗದಲ್ಲಿ 4 ಸೆಕೆಂಡಿನ ಮಾತೊಂದಿದೆ. ಸ್ಕ್ರಿಪ್ಟ್‌ಗೆ ಪೂರ್ತಿ ಅಂಟಿಕೊಂಡು ಬರೆದರೆ ಹೀಗಾಗುತ್ತದೆ:

"ನಿರ್ವಹಣಾ ಕೆಲಸವನ್ನು ಪ್ರಾರಂಭಿಸುವ ಮೊದಲು ಯಂತ್ರವನ್ನು ಸ್ಥಗಿತಗೊಳಿಸಿ ಬೀಗ ಹಾಕಲಾಗಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ."

`LEN` ಲೆಕ್ಕದಲ್ಲಿ ಇದು 101. ಎರಡು ಸಾಲಿಗೆ ಇರುವ 84ರ ಮಿತಿ ದಾಟಿತು. ವೇಗ ಸೆಕೆಂಡಿಗೆ 25, ಅದೂ ದಾಟಿತು. ಚಿಹ್ನೆಗಳನ್ನು ವ್ಯಂಜನಕ್ಕೆ ಸೇರಿಸಿ ಎಣಿಸಿದರೆ ಇದೇ ವಾಕ್ಯ 64. ವೇಗ ಸೆಕೆಂಡಿಗೆ 16, ಎರಡೂ ನಿಯಮದಲ್ಲಿ ಪಾಸು. ಒಂದು ಲೆಕ್ಕದಲ್ಲಿ ಪೂರ್ತಿ ತಪ್ಪು, ಇನ್ನೊಂದರಲ್ಲಿ ಪೂರ್ತಿ ಸರಿ. ಏಜೆನ್ಸಿಯ ಹಾಳೆಯಲ್ಲಿ ನನ್ನ ಅರ್ಧ ಕೆಲಸ ಕೆಂಪಾಗಿ ವಾಪಸ್ ಬಂದಾಗ ಫೋನ್‌ನಲ್ಲಿ ಜಗ್ಗಾಟ ನಡೆದಿದ್ದು ಇದಕ್ಕೇ. ಅವರಿಗೆ ಸೂತ್ರ ಬದಲಿಸುವ ಮನಸ್ಸಿಲ್ಲ. ಕೊನೆಗೆ ಮಿತಿ ಬದಲಿಸಿದರು: ಎಣಿಕೆ `LEN` ಪ್ರಕಾರವೇ, ಆದರೆ ಸಾಲಿಗೆ 50, ಸೆಕೆಂಡಿಗೆ 22. ಸಾಲು ಟಿವಿ ಪರದೆಯಲ್ಲಿ ಹಿಡಿಸುತ್ತದೋ ಇಲ್ಲವೋ ಅನ್ನುವುದನ್ನು ಕಣ್ಣಲ್ಲೇ ನೋಡಿಕೊಳ್ಳುವುದು ಅಂತಾಯಿತು.

ಹೊಸ ಮಿತಿಯಲ್ಲೂ ಆ ವಾಕ್ಯ ಪಾಸಾಗಲಿಲ್ಲ. ಆಗಬಾರದು ಕೂಡ. ಕಾರ್ಖಾನೆಯಲ್ಲಿ ತರಬೇತಿ ಕೊಡುವ ಅಣ್ಣ ಒಬ್ಬರು ಅದನ್ನು ಪರದೆ ಮೇಲೆ ನೋಡಿ, "ಓದೂದ್ರಾಗ ಹೋಗ್ಬಿಡ್ತದ್ರಿ" ಅಂದರು. ಎಣಿಕೆ ಏನೇ ಹೇಳಲಿ, ನಾಲ್ಕು ಸೆಕೆಂಡಿನಲ್ಲಿ ಓದಿ, ಮೇಲೆ ಚಿತ್ರವನ್ನೂ ನೋಡಬೇಕಲ್ಲ. ಹೀಗೆ ಇಳಿಸಿದೆ:

ರಿಪೇರಿಗೆ ಮುಂಚೆ ಮಷೀನ್ ಆಫ್ ಮಾಡಿ,
ಸ್ವಿಚ್‌ಗೆ ಬೀಗ ಹಾಕಿ.

ಈಗ 49. ಸೆಕೆಂಡಿಗೆ 12ರ ಆಸುಪಾಸು. ಹಳೆಯ ನಿಯಮಕ್ಕೂ ಸರಿ, ಹೊಸದಕ್ಕೂ ಸರಿ. 'ಖಚಿತಪಡಿಸಿಕೊಳ್ಳಿ' ಹೋಯಿತಲ್ಲ ಅಂತ ಏಜೆನ್ಸಿಯವರು ಕೇಳಿದರು. ಅದು ಹೋಗಿದ್ದೇ ಒಳ್ಳೆಯದು. ಈ ಬೀಗದ ಪದ್ಧತಿಯಲ್ಲಿ ರಿಪೇರಿ ಮಾಡುವ ಪ್ರತಿಯೊಬ್ಬರೂ ಮುಖ್ಯ ಸ್ವಿಚ್‌ಗೆ ತಮ್ಮ ತಮ್ಮ ಬೀಗ ಹಾಕಿ, ಕೀ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಬೇರೆ ಯಾರೋ ಹಾಕಿದ್ದಾರಾ ಅಂತ ನೋಡಿದರೆ ಸಾಲದು. ತರಬೇತಿಯವರೂ ಹೌದು ಅಂದ ಮೇಲೆ ಆ ಸಾಲು ಉಳಿಯಿತು.

ಇಷ್ಟೆಲ್ಲಾ ಎಕ್ಸೆಲ್‌ನಲ್ಲೇ ಆಗುತ್ತದಲ್ಲ, ಮತ್ತೆ ಸಬ್‌ಟೈಟಲ್ ಎಡಿಟ್ ಯಾಕೆ? ಎಕ್ಸೆಲ್‌ಗೆ ವಿಡಿಯೊ ಕಾಣುವುದಿಲ್ಲ. ಹಾಳೆಯಲ್ಲಿ 4 ಸೆಕೆಂಡ್ ಅಂತ ಇದೆ, ಸರಿ. ಆದರೆ ಮಾತು ಮುಗಿದ ಮೇಲೆ ಮುಂದಿನ ಮಾತಿಗೆ ಮುಂಚೆ ಒಂದು ಸೆಕೆಂಡಿನ ಮೌನ ಇರಬಹುದು. ಸಬ್‌ಟೈಟಲ್ ಎಡಿಟ್‌ನ ವೇವ್‌ಫಾರ್ಮ್‌ನಲ್ಲಿ, ಅಂದರೆ ಧ್ವನಿಯ ಏರಿಳಿತದ ಚಿತ್ರದಲ್ಲಿ, ಆ ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ. ಸಬ್‌ಟೈಟಲ್‌ನ ಬಾಲ ಹಿಡಿದು ಅರ್ಧ ಸೆಕೆಂಡ್ ಎಳೆದರೆ ಸಾಕು. ಎರಡೂ ಸಾಲು ಸೇರಿ 96 ಇದ್ದ ಸಬ್‌ಟೈಟಲೊಂದು 4 ಸೆಕೆಂಡಿನಲ್ಲಿ 24 ಬಂದು ಕೆಂಪಾಗಿತ್ತು. 4.5ಕ್ಕೆ ಎಳೆದೆ, 21ಕ್ಕೆ ಇಳಿಯಿತು. ಒಂದು ಪದವನ್ನೂ ಕತ್ತರಿಸಲಿಲ್ಲ. ಬರೀ ಎಕ್ಸೆಲ್ ನಂಬಿಕೊಂಡಿದ್ದರೆ ಆ ಸಾಲಿನ ಒಳ್ಳೆಯ ಮಾತೊಂದನ್ನು ಸುಮ್ನೆ ಕಿತ್ತು ಹಾಕುತ್ತಿದ್ದೆ. ಎಳೆಯುವಾಗ ಮುಂದಿನ ಸಬ್‌ಟೈಟಲ್‌ಗೆ ತಾಗಿಸಬೇಡಿ, ಎರಡು ಫ್ರೇಮ್ ಆದರೂ ಬಿಡಿ. ಇಲ್ಲದಿದ್ದರೆ ಸಾಲು ಬದಲಾಗಿದ್ದೇ ಕಣ್ಣಿಗೆ ತಿಳಿಯುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಸಾಲಿನ ಉದ್ದ, ಸೆಕೆಂಡಿನ ಮಿತಿ ಒಮ್ಮೆ ಹಾಕಿಟ್ಟರೆ ಮುಂದೆ ಅದೇ ಎಚ್ಚರಿಸುತ್ತದೆ. ಆದರೆ ತಂತ್ರಾಂಶ ಯಾವುದೇ ಇರಲಿ, ಮೊದಲು 'ಸುರಕ್ಷತೆ' ಅಂತ ಟೈಪ್ ಮಾಡಿ ಎಷ್ಟು ತೋರಿಸುತ್ತದೆ ನೋಡಿ. 8 ಬಂದರೆ ಎಕ್ಸೆಲ್ ಲೆಕ್ಕ. ಬೇರೆ ಬಂದರೆ ಅದರ ಹಸಿರು ನಂಬಿ ಕಳಿಸಬೇಡಿ, ಏಜೆನ್ಸಿಯ ಹಾಳೆಯಲ್ಲಿ ಅದು ಕೆಂಪಾಗಿಯೇ ಕೂರುತ್ತದೆ. ಹಾಗಾಗಿ ಕೊನೆಯ ಸಲ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿ ನೋಡುವುದು ತಪ್ಪಲಿಲ್ಲ.

ಮೂರನೆಯದೂ ಒಂದಿತ್ತು. ಬ್ರೌಸರ್‌ನಲ್ಲೇ ನಡೆಯುವ, ತಿಂಗಳಿಗೆ ದುಡ್ಡು ಕೇಳುವ ಜಾಲತಾಣ. ಒಂದು ತಿಂಗಳಿಗೆ ಕಟ್ಟಿದೆ, ಮುಂದುವರಿಸಲಿಲ್ಲ. ಅದು ಸಾಲನ್ನು ತಾನೇ ಮುರಿಯುತ್ತದೆ. 'ಆಫ್' ಮೇಲಿನ ಸಾಲಿಗೆ, 'ಮಾಡಿ' ಕೆಳಗಿನ ಸಾಲಿಗೆ. ಸರಿ ಮಾಡಿದರೆ, ಸಮಯ ತಿದ್ದಿದಾಗ ಮತ್ತೆ ಹಾಗೇ ಮುರಿಯುತ್ತದೆ. ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ, ಆಗ ಕೆಲಸವೂ ನಿಲ್ಲುತ್ತದೆ. ಸಬ್‌ಟೈಟಲ್ ಎಡಿಟ್‌ಗೆ ಲ್ಯಾಪ್‌ಟಾಪ್ ಬ್ಯಾಟರಿ ಇದ್ದರೆ ಸಾಕು, ದುಡ್ಡೂ ಬೇಡ.

ಸಣ್ಣದೊಂದು: ಡಿಟಿಪಿ ಅಂಗಡಿಯಿಂದ ಹಳೆ ನುಡಿ ಫಾಂಟ್‌ನಲ್ಲಿ ಪದಪಟ್ಟಿ ಬಂದರೆ ಯುನಿಕೋಡ್‌ಗೆ ಬದಲಿಸಿಯೇ ಅಂಟಿಸಿ, ಫೈಲನ್ನು UTF-8 ನಲ್ಲೇ ಉಳಿಸಿ.

ನನಗೆ ವಿಡಿಯೊ ಓಡಿಸುತ್ತಾ, ಬಾಯಲ್ಲಿ ಓದಿಕೊಳ್ಳುತ್ತಾ ಬರೆಯುವ ಅಭ್ಯಾಸ. ಅದಕ್ಕೆ ಸಬ್‌ಟೈಟಲ್ ಎಡಿಟ್ ಹೊಂದುತ್ತದೆ. ಎರಡು ನಿಮಿಷದ ವಿಡಿಯೊ ಆದರೆ, ಮಾತಿನ ನಡುವೆ ಮೌನವೂ ಇಲ್ಲದಿದ್ದರೆ, ಎಕ್ಸೆಲ್ ಸಾಕು. ಯಾವುದರಲ್ಲಿ ಮಾಡಿದರೂ ಮೊದಲ ಮೇಲ್‌ನಲ್ಲೇ 'ಸುರಕ್ಷತೆ' ನಿಮ್ಮ ಲೆಕ್ಕದಲ್ಲಿ ಎಷ್ಟು ಅಂತ ಏಜೆನ್ಸಿಯನ್ನು ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ರೇಟ್ ಮಾತಾಡುವುದು ಅದಾದ ಮೇಲೆ. ಮಿತಿ 22ರ ಬದಲು 17 ಆದರೆ ಕತ್ತರಿ ಕೆಲಸ ಬಹಳ ಜಾಸ್ತಿ ಇರುತ್ತದೆ.